ತೊಗರಿ ಹೊಲದಿಂದ ಗಾಜಿನ ಪೆಟ್ಟಿಗೆಗೆ: ಗುಳ್ಳೆ ಜೀರುಂಡೆಯನ್ನು ಕಾಲೇಜಿನ ಸಂಗ್ರಹಕ್ಕೆ ಸಿದ್ಧಪಡಿಸುವ ಕ್ರಮ

ರಾಯಚೂರು ಸೀಮೆಯ ಎರೆ ಹೊಲಗಳಲ್ಲಿ ಬೆಂಡೆ, ಹೆಸರು, ತೊಗರಿ ಹೂ ಬಿಡುವ ಕಾಲಕ್ಕೆ, ಅಂದರೆ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಕಪ್ಪು ಮೈಯ ಮೇಲೆ ಕಿತ್ತಳೆಗೆಂಪು ಅಡ್ಡಪಟ್ಟೆಗಳಿರುವ, ಎರಡು ಸೆಂಟಿಮೀಟರಿಗಿಂತ ತುಸು ಉದ್ದದ ಜೀರುಂಡೆಯೊಂದು ಹೂಗಳ ಮೇಲೆ ಕುಳಿತು ಎಸಳುಗಳನ್ನು ತಿನ್ನುತ್ತಿರುವುದನ್ನು ಎಲ್ಲರೂ ನೋಡಿರುತ್ತಾರೆ. ಕೃಷಿ ಪುಸ್ತಕಗಳು ಇದನ್ನು ಮೈಲಾಬ್ರಿಸ್ ಪುಸ್ತುಲೇಟಾ ಎಂದು ಹೆಸರಿಸುತ್ತವೆ. ಬರಿಗೈಯಲ್ಲಿ ಹಿಡಿದರೆ ಚರ್ಮದ ಮೇಲೆ ನೀರುಗುಳ್ಳೆ ಏಳುವುದರಿಂದ ಇದಕ್ಕೆ ಗುಳ್ಳೆ ಜೀರುಂಡೆ ಎಂಬ ಹೆಸರೂ ಇದೆ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಕೀಟ ಸಂಗ್ರಹವನ್ನು ಕಲಿಸುವಾಗ ನಾನು ಬೇಕೆಂದೇ ಈ ಒಂದು ಕೀಟದಿಂದ ಪ್ರಾರಂಭಿಸುತ್ತೇನೆ. ಇದು ಸುಲಭವಾಗಿ ಸಿಗುತ್ತದೆ, ನಿಧಾನವಾಗಿ ಹಾರುತ್ತದೆ, ಸೂಜಿ ಚುಚ್ಚಲು ತಕ್ಕಷ್ಟು ದೊಡ್ಡದಾಗಿದೆ. ಅಜಾಗರೂಕತೆಯನ್ನು ಇದು ಸಹಿಸುವುದಿಲ್ಲವಾದ್ದರಿಂದ ವಿದ್ಯಾರ್ಥಿಯ ಕೈ ಮೊದಲ ದಿನದಿಂದಲೇ ಶಿಸ್ತಿಗೆ ಬೀಳುತ್ತದೆ. ಈ ಲೇಖನದಲ್ಲಿ ಮಾನ್ವಿಯ ಹತ್ತಿರದ ಒಂದು ತೊಗರಿ ಹೊಲದಲ್ಲಿ ಹಿಡಿದ ಇಂಥ ಜೀರುಂಡೆಗಳು ಸಂಗ್ರಹಾಲಯದ ಪೆಟ್ಟಿಗೆ ಸೇರುವವರೆಗಿನ ಕೆಲಸವನ್ನು ಹಂತಹಂತವಾಗಿ ವಿವರಿಸುತ್ತೇನೆ. ಬೇರೆ ಗುಂಪಿನ ಕೀಟಗಳಿಗೆ ಬದಲಾಗುವ ಅಂಶಗಳನ್ನು ಆಯಾ ಸ್ಥಳದಲ್ಲಿ ಚುಟುಕಾಗಿ ಸೂಚಿಸಿದ್ದೇನೆ.

ಹೊಲಕ್ಕೆ ಹೋಗುವ ಮೊದಲು

ಕೀಟಗಳಿಗೂ ವನ್ಯಜೀವಿ ಕಾನೂನು ಅನ್ವಯಿಸುತ್ತದೆ ಎಂಬುದು ಅನೇಕ ವಿದ್ಯಾರ್ಥಿಗಳಿಗೆ ತಿಳಿದಿರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಕೆಲವು ಚಿಟ್ಟೆಗಳೂ ಜೀರುಂಡೆಗಳೂ ಸೇರಿವೆ. 2022ರ ತಿದ್ದುಪಡಿಯಲ್ಲಿ ಈ ಅನುಸೂಚಿಗಳು ಬದಲಾಗಿರುವುದರಿಂದ ಹಳೆಯ ಪಟ್ಟಿಯನ್ನು ನಂಬಿ ಹೊರಡಬಾರದು. ದರೋಜಿ ಕರಡಿಧಾಮದಂಥ ಸಂರಕ್ಷಿತ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಒಂದು ಇರುವೆಯನ್ನೂ ಹಿಡಿಯುವಂತಿಲ್ಲ. ನಮ್ಮ ಗುಳ್ಳೆ ಜೀರುಂಡೆ ಬೆಳೆಯ ಪೀಡೆ, ಹೊಲವೂ ಖಾಸಗಿ, ಆದ್ದರಿಂದ ಹೊಲದ ಒಡೆಯರ ಒಪ್ಪಿಗೆ ಸಾಕಾಗುತ್ತದೆ.

ಒಪ್ಪಿಗೆ ಕೇಳುವಾಗಲೇ ಹೊಲಕ್ಕೆ ಔಷಧಿ ಹೊಡೆದು ಎಷ್ಟು ದಿನವಾಯಿತು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಹೊಡೆದು ಎರಡು ಮೂರು ದಿನ ಕೂಡ ಆಗಿರದಿದ್ದರೆ ಆ ಹೊಲವನ್ನು ಬಿಡುವುದು ಮೇಲು. ಅಲ್ಲಿ ಸಿಗುವ ಕೀಟಗಳ ಸಂಖ್ಯೆಯೂ ವರ್ತನೆಯೂ ಸಹಜವಾಗಿರುವುದಿಲ್ಲ, ವಿದ್ಯಾರ್ಥಿಯ ಕೈಗೂ ಅದು ಒಳ್ಳೆಯದಲ್ಲ. ಮಾನ್ವಿಯ ಹೊಲದಲ್ಲಿ ನಾವು ಈ ಪ್ರಶ್ನೆ ಕೇಳಿದಾಗ ಹೊಲದ ಹಿರಿಯರು ಉತ್ತರ ಕೊಡುವ ಮೊದಲೇ ನಮ್ಮ ಹುಡುಗನ ಕೈ ನೋಡಿ, "ತಮ್ಮಾ, ಬರಿಗೈಲೆ ಹಿಡಿಬ್ಯಾಡ, ಗುಳ್ಳಿ ಏಳ್ತಾವ" ಎಂದು ಎಚ್ಚರಿಸಿದರು. ಅವರ ಮಾತು ಪೂರ್ತಿ ಸರಿ. ಈ ಜೀರುಂಡೆಯನ್ನು ಒತ್ತಿ ಹಿಡಿದಾಗ ಅದರ ಕಾಲಿನ ಕೀಲುಗಳಿಂದ ಹಳದಿ ಬಣ್ಣದ ಎಣ್ಣೆಯಂಥ ಹನಿಗಳು ಒಸರುತ್ತವೆ, ಅವುಗಳಲ್ಲಿ ಕ್ಯಾಂಥರಿಡಿನ್ ಎಂಬ ವಿಷವಿರುತ್ತದೆ. ಮುಟ್ಟಿದ ಕೂಡಲೇ ಉರಿ ಗೊತ್ತಾಗುವುದಿಲ್ಲ, ಕೆಲವು ಗಂಟೆಗಳ ಮೇಲೆ ಗುಳ್ಳೆ ಏಳುತ್ತದೆ, ಹೀಗಾಗಿ ಏನೂ ಆಗಲಿಲ್ಲವೆಂದು ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡವರು ತುಂಬಾ ನೋಯುತ್ತಾರೆ. ಕೀಟ ಸತ್ತು ಒಣಗಿದ ಮೇಲೂ ಈ ವಿಷ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಹೊಲದಲ್ಲೂ ಮೇಜಿನ ಮೇಲೂ ಕೈಗವಸು ಮತ್ತು ಚಿಮಟ ಎರಡೂ ಬೇಕು.

ಹಿಡಿಯುವುದು ಮತ್ತು ಕೊಲ್ಲುವುದು

ಬಲೆ ಬೀಸುವ ಅಗತ್ಯವಿಲ್ಲ. ಬಲೆಯಲ್ಲಿ ಹೊರಳಾಡುವಾಗ ಅದು ವಿಷದ ಹನಿಗಳನ್ನು ಬಟ್ಟೆಗೆ ಹತ್ತಿಸುತ್ತದೆ, ಮೀಸೆಗಳೂ ಮುರಿಯುತ್ತವೆ. ಹೂವಿನ ಮೇಲೆ ಕುಳಿತಿರುವಾಗ ಅಗಲ ಬಾಯಿಯ ಬಾಟಲಿಯನ್ನು ಕೆಳಗೆ ಹಿಡಿದು, ಮೇಲಿನಿಂದ ಮುಚ್ಚಳವನ್ನು ತಂದು ಹೂವಿನ ತೊಟ್ಟನ್ನು ಮೆಲ್ಲಗೆ ತಟ್ಟಿದರೆ ಅದು ಬಾಟಲಿಯೊಳಗೆ ಬೀಳುತ್ತದೆ. ಒಂದು ಹೊಲದಿಂದ ಐದಾರು ಸಾಕು. ಪಟ್ಟೆಗಳ ಅಗಲದಲ್ಲೂ ಮೈಯ ಗಾತ್ರದಲ್ಲೂ ಒಂದಕ್ಕೊಂದು ವ್ಯತ್ಯಾಸವಿರುವುದರಿಂದ ಒಂದನ್ನಷ್ಟೇ ಇಡುವುದು ಸಾಲದು, ಐವತ್ತನ್ನು ಇಡಲು ಪೆಟ್ಟಿಗೆಯಲ್ಲಿ ಜಾಗವೂ ಇಲ್ಲ, ಅದರಿಂದ ಕಲಿಯುವುದೂ ಹೆಚ್ಚಿಲ್ಲ.

ಕೊಲ್ಲುವ ಬಾಟಲಿಯನ್ನು ಕಾಲೇಜಿನಲ್ಲೇ ಮಾಡಿಕೊಳ್ಳಬಹುದು. ದಪ್ಪ ಗಾಜಿನ, ಬಿಗಿ ಮುಚ್ಚಳದ ಬಾಟಲಿಯ ತಳದಲ್ಲಿ ಎರಡು ಸೆಂಟಿಮೀಟರ್ ದಪ್ಪಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಕಲಸಿ ಸುರಿದು, ಎರಡು ಮೂರು ದಿನ ಮುಚ್ಚಳ ತೆರೆದಿಟ್ಟು ಪೂರ್ತಿ ಒಣಗಿಸಬೇಕು. ಬಳಸುವ ದಿನ ಅದರ ಮೇಲೆ ಒಂದೆರಡು ಚಮಚ ಈಥೈಲ್ ಅಸಿಟೇಟ್ ಹಾಕಿ, ಹೀರಿಕೊಳ್ಳದೆ ಉಳಿದದ್ದನ್ನು ಹೊರಕ್ಕೆ ಬಸಿಯಬೇಕು. ಒಳಗೆ ಮುದುಡಿದ ಟಿಶ್ಯೂ ಕಾಗದದ ತುಂಡುಗಳನ್ನು ಇಟ್ಟರೆ ಜೀರುಂಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಒಸರಿದ ಹಳದಿ ದ್ರವವನ್ನೂ ಆ ಕಾಗದವೇ ಹೀರುತ್ತದೆ. ಆ ಕಾಗದವನ್ನು ಮುಂದೆ ಚಿಮಟದಿಂದಲೇ ತೆಗೆದು ಬೇರೆಯಾಗಿ ವಿಲೇವಾರಿ ಮಾಡಬೇಕು. ಬಾಟಲಿ ಗಾಜಿನದೇ ಆಗಿರಲಿ ಎನ್ನುವುದಕ್ಕೆ ಕಾರಣವಿದೆ: ಈಥೈಲ್ ಅಸಿಟೇಟ್ ಥರ್ಮಾಕೋಲನ್ನೂ ಕೆಲವು ಬಗೆಯ ಪ್ಲಾಸ್ಟಿಕನ್ನೂ ಕರಗಿಸುತ್ತದೆ. ಇದು ಬೇಗ ಬೆಂಕಿ ಹತ್ತುವ ದ್ರವವೂ ಹೌದು. ನಮ್ಮ ಬಿಸಿಲಿನಲ್ಲಿ ಬಾಟಲಿಯನ್ನು ಬಸ್ಸಿನ ಕಿಟಕಿಯ ಪಕ್ಕದಲ್ಲೋ ಬೈಕಿನ ಡಬ್ಬಿಯಲ್ಲೋ ಬಿಡಬಾರದು, ಒದ್ದೆ ಬಟ್ಟೆ ಸುತ್ತಿ ಚೀಲದ ನೆರಳಿನಲ್ಲಿಟ್ಟುಕೊಳ್ಳಬೇಕು. ಹಳೆಯ ಪಠ್ಯಗಳಲ್ಲಿ ಹೇಳುವ ಸಯನೈಡ್ ಬಾಟಲಿಯನ್ನು ವಿದ್ಯಾರ್ಥಿಗಳ ಕೈಗೆ ಕೊಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಜೀರುಂಡೆ ಕೆಲವೇ ನಿಮಿಷಗಳಲ್ಲಿ ಅಲುಗಾಡುವುದನ್ನು ನಿಲ್ಲಿಸುತ್ತದೆ, ಆದರೆ ಸತ್ತಿರುವುದಿಲ್ಲ. ಬೇಗನೆ ಹೊರತೆಗೆದರೆ ಸೂಜಿಯ ಮೇಲೆ ಮತ್ತೆ ಕಾಲಾಡಿಸತೊಡಗುತ್ತದೆ. ಅದು ಕೀಟಕ್ಕೂ ಹಿಂಸೆ, ನೋಡುವ ವಿದ್ಯಾರ್ಥಿಗೂ ಹಿಂಸೆ. ಕನಿಷ್ಠ ಎರಡು ಗಂಟೆ ಬಾಟಲಿಯಲ್ಲೇ ಇರಲಿ. ಈಥೈಲ್ ಅಸಿಟೇಟ್ ಆವಿಯಲ್ಲಿರುವವರೆಗೆ ಕೀಲುಗಳು ಮೆತ್ತಗೇ ಉಳಿಯುವುದರಿಂದ ಸಂಜೆ ಕಾಲೇಜಿಗೆ ಮರಳಿದ ಮೇಲೂ ಸೂಜಿ ಚುಚ್ಚಬಹುದು. ರಾಸಾಯನಿಕ ಸಿಗದಿದ್ದರೆ ಫ್ರೀಜರ್‌ನಲ್ಲಿ ಒಂದು ಇಡೀ ದಿನ ಇಟ್ಟರೂ ಕೆಲಸವಾಗುತ್ತದೆ, ಆದರೆ ಆ ಫ್ರೀಜರ್ ಪ್ರಯೋಗಾಲಯದ್ದಾಗಿರಬೇಕು. ಈ ಕೀಟವನ್ನು ಮನೆಯ ಅಡುಗೆ ಪದಾರ್ಥಗಳ ಜೊತೆ ಇಡಬಾರದು. ಚಿಟ್ಟೆ ಮತ್ತು ಪತಂಗಗಳನ್ನು ಜೀರುಂಡೆಗಳಿದ್ದ ಬಾಟಲಿಗೆ ಹಾಕಕೂಡದು, ಅವುಗಳ ರೆಕ್ಕೆಯ ಹುಡಿ ಎಲ್ಲದಕ್ಕೂ ಮೆತ್ತಿಕೊಳ್ಳುತ್ತದೆ, ರೆಕ್ಕೆಗಳೂ ಹರಿಯುತ್ತವೆ.

ಹೊಲದಲ್ಲೇ ಬರೆಯುವ ಚೀಟಿ

ಬಾಟಲಿಯ ಮುಚ್ಚಳ ಮುಚ್ಚುವ ಮೊದಲು ಒಂದು ಕಾಗದದ ಚೂರಿನ ಮೇಲೆ ಪೆನ್ಸಿಲಿನಿಂದ ಸ್ಥಳ, ದಿನಾಂಕ, ಯಾವ ಗಿಡದ ಮೇಲೆ ಸಿಕ್ಕಿತು, ಯಾರು ಹಿಡಿದರು ಎಂಬುದನ್ನು ಬರೆದು ಬಾಟಲಿಯ ಒಳಗೇ ಹಾಕಬೇಕು. ಪೆನ್ಸಿಲ್ ಏಕೆಂದರೆ ಈಥೈಲ್ ಅಸಿಟೇಟ್ ತಗುಲಿದರೆ ಬಾಲ್‌ಪೆನ್ನಿನ ಅಕ್ಷರ ಹರಡಿಹೋಗುತ್ತದೆ. ಬಾಟಲಿಯ ಹೊರಗೆ ಅಂಟಿಸಿದ ಚೀಟಿಯನ್ನು ನಂಬಬಾರದು, ಬೆವರಿಗೆ ಅದು ಕಿತ್ತುಬರುತ್ತದೆ.

ಈ ಒಂದು ಹಂತವನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಮೂರು ಊರುಗಳ ಹೊಲಗಳಿಂದ ಒಂದೇ ದಿನ ಜೀರುಂಡೆಗಳನ್ನು ಹಿಡಿದು ತಂದ ವಿದ್ಯಾರ್ಥಿಗಳ ತಂಡವೊಂದು, ಬಾಟಲಿಗಳು ಸಾಲದೆ, ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿತ್ತು. ನಲವತ್ತರ ಹತ್ತಿರ ಜೀರುಂಡೆಗಳಿದ್ದವು, ಬಹಳ ಚೆನ್ನಾಗಿಯೂ ಇದ್ದವು. ಆದರೆ ಯಾವುದು ಬೆಂಡೆಯ ಮೇಲಿನದು, ಯಾವುದು ತೊಗರಿಯ ಮೇಲಿನದು, ಯಾವ ಊರಿನದು ಎಂದು ಹೇಳಲು ಯಾರಿಂದಲೂ ಆಗಲಿಲ್ಲ. ನೆನಪಿನಿಂದ ಹಂಚಿಬಿಡೋಣ ಎಂದು ಒಬ್ಬ ಹುಡುಗಿ ಹೇಳಿದಳು. ನಾನು ಒಪ್ಪಲಿಲ್ಲ. ಊಹಿಸಿ ಬರೆದ ಸ್ಥಳದ ಹೆಸರು ಮುದ್ರಣವಾದ ಮೇಲೆ ನಿಜವಾದ ದಾಖಲೆಯಂತೆಯೇ ಕಾಣುತ್ತದೆ, ಮೂವತ್ತು ವರ್ಷದ ಮೇಲೆ ಅದನ್ನು ಓದುವವರಿಗೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವ ದಾರಿಯೇ ಇರುವುದಿಲ್ಲ. ಆ ಜೀರುಂಡೆಗಳನ್ನು ಸೂಜಿ ಚುಚ್ಚುವ ಅಭ್ಯಾಸಕ್ಕೆ ಬಳಸಿದೆವು, ಸಂಗ್ರಹಕ್ಕೆ ಒಂದನ್ನೂ ಸೇರಿಸಲಿಲ್ಲ.

ಸ್ಥಳವನ್ನು ಗುರುತಿಸುವಾಗ ಹಳ್ಳಿಯ ಹೆಸರಿನ ಜೊತೆಗೆ ಮೊಬೈಲಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶಗಳನ್ನೂ ಬರೆದುಕೊಳ್ಳಬೇಕು. ದಶಮಾಂಶದ ನಂತರ ಮೂರು ಅಂಕಿ ಬರೆದರೆ ಸುಮಾರು ನೂರು ಮೀಟರಿನಷ್ಟು ಖಚಿತವಾಗಿ ಸ್ಥಳ ತಿಳಿಯುತ್ತದೆ. ಒಂದು ಹೊಲವನ್ನು ಗುರುತಿಸಲು ಅಷ್ಟು ಸಾಕು. ಫೋನು ತೋರಿಸುವ ಆರೇಳು ಅಂಕಿಗಳನ್ನೆಲ್ಲ ಬರೆದರೆ ಇಲ್ಲದ ನಿಖರತೆಯನ್ನು ಇದೆಯೆಂದು ಹೇಳಿದಂತಾಗುತ್ತದೆ. ಸಮುದ್ರಮಟ್ಟದಿಂದ ಎತ್ತರವನ್ನು ಫೋನು ಅಷ್ಟು ಸರಿಯಾಗಿ ಹೇಳುವುದಿಲ್ಲ, ಮಾನ್ವಿಯ ಸಮತಟ್ಟಾದ ಬಯಲಿನಲ್ಲಿ ಅದನ್ನು ಬಿಟ್ಟರೂ ನಷ್ಟವಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಹಿಡಿದ ಕೀಟಕ್ಕಾದರೆ ಎತ್ತರ ಬೇಕೇ ಬೇಕು.

ಸೂಜಿ ಚುಚ್ಚುವುದು

ಕೀಟಗಳಿಗೆಂದೇ ಮಾಡಿದ ಸೂಜಿ 38 ಮಿಲಿಮೀಟರ್ ಉದ್ದವಿರುತ್ತದೆ. ದಪ್ಪಕ್ಕೆ ತಕ್ಕಂತೆ ಅವುಗಳಿಗೆ ಸಂಖ್ಯೆಗಳಿದ್ದು, ಗುಳ್ಳೆ ಜೀರುಂಡೆಗೆ 2 ಅಥವಾ 3ನೇ ಸಂಖ್ಯೆಯದು ಸರಿಹೊಂದುತ್ತದೆ. ಸ್ಟೇನ್‌ಲೆಸ್ ಉಕ್ಕಿನದನ್ನೇ ತರಿಸಬೇಕು. ಕಚೇರಿಯಲ್ಲಿ ಕಾಗದಕ್ಕೆ ಚುಚ್ಚುವ ಗುಂಡುಸೂಜಿ ಗಿಡ್ಡವಾಗಿರುವುದರಿಂದ ಕೀಟದ ಕೆಳಗೆ ಚೀಟಿಗೆ ಸ್ಥಳ ಉಳಿಯುವುದಿಲ್ಲ. ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿದು ಉಬ್ಬಿದಾಗ ಕೀಟದ ಎದೆಯೇ ಸೀಳಿಹೋಗುತ್ತದೆ. ಹಿತ್ತಾಳೆ ಸೂಜಿಯಾದರೆ ಕೀಟದ ಮೈಯ ಕೊಬ್ಬಿನೊಂದಿಗೆ ಸೇರಿ ಹಸಿರು ಕಿಲುಬು ಕಟ್ಟುತ್ತದೆ. ಹಳೆಯ ಕಾಲೇಜುಗಳ ಪೆಟ್ಟಿಗೆಗಳಲ್ಲಿ ಸೂಜಿಯ ಸುತ್ತ ಹಸಿರು ಮುದ್ದೆ ಕಂಡಿದ್ದರೆ ಅದು ಇದೇ.

ಕೊಲ್ಲುವ ಬಾಟಲಿಯಿಂದ ಚಿಮಟದಲ್ಲಿ ತೆಗೆದ ಜೀರುಂಡೆಯನ್ನು ದಪ್ಪ ಫೋಮಿನ ಹಾಳೆಯ ಮೇಲೆ ಬೆನ್ನು ಮೇಲಾಗಿ, ತಲೆ ನಮ್ಮಿಂದ ಆಚೆಗೆ ಇರುವಂತೆ ಇಡಬೇಕು. ಆಗ ಕೀಟದ ಬಲವೂ ನಮ್ಮ ಬಲವೂ ಒಂದೇ ಆಗುತ್ತದೆ. ಜೀರುಂಡೆಯ ಗಟ್ಟಿ ಮುಂರೆಕ್ಕೆಗಳು ಬೆನ್ನಿನ ಮೇಲೆ ಕವಚದಂತೆ ಮುಚ್ಚಿಕೊಂಡಿರುತ್ತವೆ. ಸೂಜಿಯನ್ನು ಬಲಗಡೆಯ ಆ ರೆಕ್ಕೆಯಲ್ಲಿ, ಬುಡದಿಂದ ಹಿಂದಕ್ಕೆ ಸುಮಾರು ಕಾಲುಭಾಗದ ಅಂತರದಲ್ಲಿ, ನಡುಗೆರೆಯಿಂದ ತುಸು ಬಲಕ್ಕೆ ಚುಚ್ಚಬೇಕು. ಬಲಕ್ಕೇ ಏಕೆಂದರೆ ಸೂಜಿ ಹೋದ ಕಡೆ ಮೈಯ ಗುರುತುಗಳು ಕೆಡುತ್ತವೆ, ಎಲ್ಲರೂ ಬಲಕ್ಕೆ ಚುಚ್ಚಿದರೆ ಎಲ್ಲ ಮಾದರಿಗಳ ಎಡಭಾಗವೂ ನಡುಭಾಗವೂ ಪೂರ್ತಿಯಾಗಿ ಉಳಿಯುತ್ತವೆ, ಗುರುತಿಸುವವರು ಅದನ್ನೇ ನೋಡುತ್ತಾರೆ.

ಸೂಜಿ ಅರ್ಧ ಇಳಿದ ಮೇಲೆ ಒಮ್ಮೆ ನಿಲ್ಲಿಸಿ, ಕೀಟವನ್ನು ಎತ್ತಿ ಕೆಳಗಿನಿಂದ ನೋಡಬೇಕು. ಸೂಜಿಯ ತುದಿ ನಡುಗಾಲು ಮತ್ತು ಹಿಂಗಾಲುಗಳ ನಡುವೆ ಹೊರಬರುತ್ತಿರಬೇಕು. ಕಾಲಿನ ಬುಡವನ್ನೇ ತೂರಿಕೊಂಡು ಬಂದಿದ್ದರೆ ಒಣಗಿದ ಮೇಲೆ ಆ ಕಾಲು ಉದುರಿಬೀಳುತ್ತದೆ. ಅಂಥಾಗ ಸೂಜಿಯನ್ನು ಪೂರ್ತಿ ತೆಗೆಯದೆ, ಹಿಂದಕ್ಕೆ ಸ್ವಲ್ಪ ಎಳೆದು, ಅದೇ ತೂತಿನಿಂದ ಓರೆ ಸರಿಪಡಿಸಿ ಮತ್ತೆ ಇಳಿಸಬಹುದು. ಎರಡನೆಯ ತೂತು ಮಾಡಬಾರದು. ಕೊನೆಗೆ ಪಕ್ಕದಿಂದಲೂ ಮುಂದಿನಿಂದಲೂ ನೋಡಿದಾಗ ಸೂಜಿ ಮೈಗೆ ನೇರ ಲಂಬವಾಗಿರಬೇಕು. ತಲೆ ಮೇಲೆದ್ದಿದ್ದರೂ ಹೊಟ್ಟೆ ಜೋತುಬಿದ್ದಿದ್ದರೂ ಸೂಜಿ ಓರೆಯಾಗಿದೆ ಎಂದು ತಿಳಿಯಬೇಕು.

ಎತ್ತರವನ್ನು ಸರಿಪಡಿಸಲು ಮೆಟ್ಟಿಲಿನ ಆಕಾರದ ಮರದ ತುಂಡೊಂದನ್ನು ಊರಿನ ಬಡಗಿಯಿಂದಲೇ ಮಾಡಿಸಿಕೊಳ್ಳಬಹುದು. ಮೂರು ಮೆಟ್ಟಿಲುಗಳಲ್ಲಿ 25, 17 ಮತ್ತು 10 ಮಿಲಿಮೀಟರ್ ಆಳದ ಸಣ್ಣ ತೂತುಗಳಿರಬೇಕು. ಚುಚ್ಚಿದ ಕೀಟವನ್ನು ತಲೆಕೆಳಗು ಮಾಡಿ, ಸೂಜಿಯ ಗುಂಡು 10 ಮಿಲಿಮೀಟರಿನ ತೂತಿನ ತಳ ಮುಟ್ಟುವಂತೆ ಇಳಿಸಿ, ಕೀಟದ ಬೆನ್ನು ಮರಕ್ಕೆ ತಾಗುವವರೆಗೆ ಚಿಮಟದಿಂದ ಸರಿಸಿದರೆ ಪ್ರತಿಯೊಂದರ ಮೇಲೂ ಹಿಡಿಯಲು 10 ಮಿಲಿಮೀಟರ್ ಸೂಜಿ ಉಳಿಯುತ್ತದೆ. ಇದಕ್ಕಿಂತ ಕಡಿಮೆಯಿದ್ದರೆ ಸೂಜಿ ಎತ್ತುವಾಗ ಬೆರಳು ರೆಕ್ಕೆಗೆ ತಗುಲುತ್ತದೆ, ಈ ಕೀಟದ ವಿಷಯದಲ್ಲಿ ಅದು ಬೆರಳಿಗೂ ಒಳ್ಳೆಯದಲ್ಲ.

ಚುಚ್ಚುವ ಸ್ಥಳ ಗುಂಪಿನಿಂದ ಗುಂಪಿಗೆ ಬೇರೆಯಾಗುತ್ತದೆ. ಚಿಟ್ಟೆ ಮತ್ತು ಪತಂಗಗಳಿಗೆ ಎದೆಯ ನಟ್ಟನಡುವೆ, ನೊಣ ಮತ್ತು ಕಣಜಗಳಿಗೆ ಎದೆಯ ನಡುಗೆರೆಯಿಂದ ತುಸು ಬಲಕ್ಕೆ, ತಿಗಣೆ ಜಾತಿಯವಕ್ಕೆ ಬೆನ್ನಿನ ತ್ರಿಕೋನ ಫಲಕದ ಬಲಭಾಗದಲ್ಲಿ, ಮಿಡತೆಗಳಿಗೆ ಕುತ್ತಿಗೆಯ ಫಲಕದ ಹಿಂಭಾಗದಲ್ಲಿ ಬಲಕ್ಕೆ ಚುಚ್ಚಬೇಕು. ಸೂಜಿ ತಾಳದಷ್ಟು ಸಣ್ಣ ಕೀಟಗಳನ್ನು ಗಟ್ಟಿ ಕಾಗದದಿಂದ ಕತ್ತರಿಸಿದ ಚೂಪು ತ್ರಿಕೋನದ ತುದಿಗೆ ಒಂದು ಚುಕ್ಕೆ ಅಂಟಿನಿಂದ ಎದೆಯ ಬಲಪಕ್ಕ ತಗುಲಿಸಿ, ಆ ತ್ರಿಕೋನದ ಅಗಲ ಭಾಗಕ್ಕೆ ಸೂಜಿ ಚುಚ್ಚುತ್ತಾರೆ.

ಕಾಲು ಜೋಡಿಸಿ ಒಣಗಿಸುವುದು

ಫೋಮಿನ ಮೇಲೆ ಸೂಜಿಯನ್ನು ನಿಲ್ಲಿಸಿ, ಬೇರೆ ಸೂಜಿಗಳನ್ನು ಕಾಲಿನ ಎರಡೂ ಪಕ್ಕ ಆನಿಸಿ, ಮುಂಗಾಲನ್ನು ಮುಂದಕ್ಕೂ ಉಳಿದ ನಾಲ್ಕನ್ನು ಹಿಂದಕ್ಕೂ ಮೈಗೆ ಹತ್ತಿರವಾಗಿ ಇಡಬೇಕು. ಮೀಸೆಗಳು ಎರಡು ಪಕ್ಕಕ್ಕೆ ಬಾಗಿ ಹಿಂದೆ ಸರಿದಿರಲಿ. ಕಾಲುಗಳನ್ನು ಅಗಲವಾಗಿ ಚಾಚಿದರೆ ಪ್ರದರ್ಶನಕ್ಕೆ ಚೆಂದ ಕಾಣುತ್ತದೆ, ಆದರೆ ಪೆಟ್ಟಿಗೆಯಲ್ಲಿ ಪಕ್ಕದ ಮಾದರಿಯನ್ನು ತೆಗೆಯುವಾಗ ಮೊದಲು ಮುರಿಯುವುದು ಅವೇ.

ಒಣಗಿಸುವ ಸ್ಥಳ ಗಾಳಿಯಾಡುವ ನೆರಳಾಗಿರಬೇಕು. ಅಕ್ಟೋಬರ್ ಕೊನೆಯ ರಾಯಚೂರಿನ ಒಣಹವೆಯಲ್ಲಿ ಗುಳ್ಳೆ ಜೀರುಂಡೆಗೆ ಹತ್ತರಿಂದ ಹನ್ನೆರಡು ದಿನ ಹಿಡಿಯುತ್ತದೆ. ಮೊಟ್ಟೆ ತುಂಬಿದ ಹೆಣ್ಣಿನ ಹೊಟ್ಟೆ ದಪ್ಪವಾಗಿರುವುದರಿಂದ ಅದಕ್ಕೆ ಇನ್ನೂ ಕೆಲವು ದಿನ ಬೇಕು. ಒಣಗಿದೆಯೇ ಎಂದು ತಿಳಿಯಲು ಮತ್ತೊಂದು ಸೂಜಿಯ ತುದಿಯಿಂದ ಹೊಟ್ಟೆಯ ಪಕ್ಕವನ್ನು ಮೆಲ್ಲಗೆ ತಳ್ಳಬೇಕು. ಹೊಟ್ಟೆ ಮಾತ್ರ ಬಾಗಿದರೆ ಇನ್ನೂ ಹಸಿ, ಇಡೀ ಕೀಟ ಒಂದು ತುಂಡಾಗಿ ತಿರುಗಲು ಹೊರಟರೆ ಒಣಗಿದೆ. ಹಸಿಯಿರುವಾಗಲೇ ಪೆಟ್ಟಿಗೆಗೆ ಹಾಕಿದರೆ ಒಂದೆರಡು ವಾರದಲ್ಲಿ ಕೀಲುಗಳ ಸುತ್ತ ಬಿಳಿ ಬೂಷ್ಟು ಬರುತ್ತದೆ. ಅದು ಕಂಡರೆ ಸಣ್ಣ ಕುಂಚವನ್ನು ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿ ಮತ್ತೆ ಒಣಗಿಸಬೇಕು.

ಈ ಹತ್ತು ದಿನಗಳಲ್ಲಿ ದೊಡ್ಡ ಶತ್ರು ಇರುವೆ. ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ಇರಿಸಿ, ಮೇಜು ಗೋಡೆಗೆ ತಾಗದಂತೆ ನೋಡಿಕೊಳ್ಳಬೇಕು. ಬಟ್ಟಲಿನ ನೀರು ನಮ್ಮ ಕಡೆ ಎರಡು ದಿನಕ್ಕೇ ಬತ್ತುತ್ತದೆ, ಶನಿವಾರ ಸಂಜೆ ತುಂಬಿಸದೆ ಹೋದರೆ ಸೋಮವಾರದ ಹೊತ್ತಿಗೆ ಕಾಲು ಮೀಸೆಗಳು ಇರುವುದಿಲ್ಲ.

ಹೊಲದಿಂದ ತಂದು ಸಮಯವಿಲ್ಲದೆ ಹಾಗೆಯೇ ಒಣಗಿಹೋದ ಜೀರುಂಡೆಗೆ ಸೂಜಿ ಚುಚ್ಚಲು ಹೋದರೆ ಅದು ಸೀಳುತ್ತದೆ. ಅದನ್ನು ಮೊದಲು ಮೆತ್ತಗೆ ಮಾಡಿಕೊಳ್ಳಬೇಕು. ಮುಚ್ಚಳದ ಡಬ್ಬಿಯ ತಳದಲ್ಲಿ ಒದ್ದೆ ಮರಳು ಹಾಕಿ, ಬೂಷ್ಟು ಬರದಂತೆ ಫೀನಾಲಿನ ಒಂದೆರಡು ಹನಿ ಸೇರಿಸಿ, ಕೀಟ ಮರಳಿಗೆ ತಾಗದಂತೆ ಸಣ್ಣ ತಟ್ಟೆಯ ಮೇಲಿಟ್ಟು ಒಂದರಿಂದ ಎರಡು ದಿನ ಮುಚ್ಚಿಟ್ಟರೆ ಕೀಲುಗಳು ಸಡಿಲಗೊಳ್ಳುತ್ತವೆ.

ಚೀಟಿ

ಸೂಜಿಯ ಮೇಲಿನ ಚೀಟಿ ಚಿಕ್ಕದಾಗಿರಬೇಕು, ಸುಮಾರು 18 ಮಿಲಿಮೀಟರ್ ಉದ್ದ, 8 ಮಿಲಿಮೀಟರ್ ಅಗಲ. ಆಮ್ಲರಹಿತವಾದ, ತುಸು ದಪ್ಪನೆಯ ಬಿಳಿ ಕಾಗದ ಬೇಕು. ಸಾಮಾನ್ಯ ಕಾಗದ ಹಳದಿಯಾಗಿ ಸೂಜಿಯ ಸುತ್ತ ಹರಿದು, ಚೀಟಿ ಗಿರಗಿರ ತಿರುಗತೊಡಗುತ್ತದೆ. ಲೇಸರ್ ಮುದ್ರಣ ಒಳ್ಳೆಯದು, ಇಂಕ್‌ಜೆಟ್ ಶಾಯಿ ಒಂದು ಹನಿ ನೀರಿಗೆ ಅಳಿಸಿಹೋಗುತ್ತದೆ. ಕೈಯಲ್ಲಿ ಬರೆಯುವುದಾದರೆ ನೀರಿಗೆ ಕರಗದ ಕಪ್ಪು ಶಾಯಿಯ ಸಣ್ಣ ಮೊನೆಯ ಲೇಖನಿ ಬೇಕು. ಹೊರರಾಜ್ಯದ ತಜ್ಞರೂ ಓದಬೇಕಾದ್ದರಿಂದ ನಾವು ಚೀಟಿಯನ್ನು ಇಂಗ್ಲಿಷಿನಲ್ಲಿ ಮುದ್ರಿಸುತ್ತೇವೆ. ಇಲ್ಲಿ ಅದರ ವಿಷಯವನ್ನು ಕನ್ನಡದಲ್ಲಿ ಕೊಡುತ್ತೇನೆ. ಮಾನ್ವಿಯ ಜೀರುಂಡೆಗಳ ಮೊದಲ ಚೀಟಿ ಹೀಗಿತ್ತು:

ಭಾರತ: ಕರ್ನಾಟಕ, ರಾಯಚೂರು ಜಿಲ್ಲೆ
ಮಾನ್ವಿಯಿಂದ 4 ಕಿ.ಮೀ. ಪಶ್ಚಿಮ
15.983 ಉ., 77.012 ಪೂ.
19 ಅಕ್ಟೋಬರ್ 2024
ಸಂಗ್ರಾಹಕ: (ಹೆಸರು)

ದೊಡ್ಡ ಪ್ರದೇಶದಿಂದ ಚಿಕ್ಕದಕ್ಕೆ ಬರುವ ಈ ಕ್ರಮವನ್ನು ಬದಲಿಸಬಾರದು. ಬರೇ ಊರಿನ ಹೆಸರು ಬರೆದರೆ ಸಾಲದು, ಒಂದೇ ಹೆಸರಿನ ಹಳ್ಳಿಗಳು ಒಂದೇ ಜಿಲ್ಲೆಯಲ್ಲೂ ಇರುತ್ತವೆ. ನಮ್ಮಲ್ಲಿ ತಾಲ್ಲೂಕುಗಳು ಒಡೆದು ಹೊಸ ತಾಲ್ಲೂಕುಗಳಾಗುತ್ತವೆ, ಜಿಲ್ಲೆಗಳೂ ಹಾಗೆಯೇ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಹೊಸಪೇಟೆ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಸೇರಿದ್ದು 2021ರಲ್ಲಿ. ಹಳೆಯ ಚೀಟಿಯಲ್ಲಿ ರಾಯಚೂರು ಜಿಲ್ಲೆ ಎಂದಷ್ಟೇ ಇದ್ದರೆ ಆ ಕೀಟ ಗಂಗಾವತಿಯ ಬತ್ತದ ಗದ್ದೆಯದೂ ಆಗಿರಬಹುದು. ಅಕ್ಷಾಂಶ ರೇಖಾಂಶಗಳಿದ್ದರೆ ಗಡಿ ಎಷ್ಟು ಸಲ ಬದಲಾದರೂ ಸ್ಥಳ ತಪ್ಪುವುದಿಲ್ಲ. ತಿಂಗಳನ್ನು ಅಕ್ಷರದಲ್ಲೋ ರೋಮನ್ ಅಂಕಿಯಲ್ಲೋ ಬರೆಯಬೇಕು. 5-10 ಎಂದು ಬರೆದರೆ ಒಬ್ಬರು ಅಕ್ಟೋಬರ್ ಎಂದೂ ಇನ್ನೊಬ್ಬರು ಮೇ ಎಂದೂ ಓದುತ್ತಾರೆ, ಮೇ ತಿಂಗಳಲ್ಲಿ ನಮ್ಮ ಹೊಲಗಳಲ್ಲಿ ತೊಗರಿ ಹೂವೇ ಇರುವುದಿಲ್ಲ.

ಎರಡನೆಯ ಚೀಟಿಯಲ್ಲಿ "ತೊಗರಿ ಹೂವಿನ ಮೇಲೆ, ಎರೆಭೂಮಿ, ಬೆಳಿಗ್ಗೆ 9 ಗಂಟೆ, ಕೈಬಾಟಲಿಯಲ್ಲಿ ಹಿಡಿದದ್ದು" ಎಂದಿತ್ತು. ಮೊದಲ ಚೀಟಿಯನ್ನು 17 ಮಿಲಿಮೀಟರ್ ಎತ್ತರಕ್ಕೂ ಎರಡನೆಯದನ್ನು 10 ಮಿಲಿಮೀಟರಿಗೂ ಅದೇ ಮರದ ಮೆಟ್ಟಿಲಿನಿಂದ ನಿಲ್ಲಿಸಬೇಕು. ಅಕ್ಷರಗಳೆಲ್ಲ ಒಂದೇ ಕಡೆಯಿಂದ ಓದುವಂತಿರಬೇಕು.

ಜಾತಿಯ ಹೆಸರು ಈ ಎರಡು ಚೀಟಿಗಳಲ್ಲೂ ಬರಬಾರದು. ಅದಕ್ಕೆ ಮೂರನೆಯ ಚೀಟಿ ಬೇಕು, ಅದರಲ್ಲಿ ಗುರುತಿಸಿದವರ ಹೆಸರು ಮತ್ತು ವರ್ಷ ಇರಲೇಬೇಕು. ಸ್ಥಳ ಮತ್ತು ದಿನಾಂಕ ಎಂದೂ ಬದಲಾಗದ ಸಂಗತಿಗಳು, ಹೆಸರು ಮಾತ್ರ ಒಬ್ಬರ ಅಭಿಪ್ರಾಯ. ಪಟ್ಟೆಗಳಿರುವ ಗುಳ್ಳೆ ಜೀರುಂಡೆಗಳಲ್ಲಿ ಒಂದನ್ನೊಂದು ಹೋಲುವ ಹಲವು ಜಾತಿಗಳಿವೆ, ಚಿತ್ರ ನೋಡಿ ಪುಸ್ತುಲೇಟಾ ಎಂದು ಬರೆದುಬಿಡುವುದು ಆತುರದ ಕೆಲಸ. ನಮ್ಮ ಆರು ಮಾದರಿಗಳಿಗೆ ಮೊದಲ ವರ್ಷ "ಮೆಲೋಯಿಡೇ ಕುಟುಂಬ, ಮೈಲಾಬ್ರಿಸ್ ಗುಂಪು" ಎಂದಷ್ಟೇ ಹಾಕಿದೆವು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಕಡೆ ಕೀಟಶಾಸ್ತ್ರಜ್ಞರಿಗೆ ತೋರಿಸಿ ನಿಖರ ಹೆಸರು ಬಂದಾಗ ಹೊಸ ಚೀಟಿಯನ್ನು ಕೆಳಗೆ ಸೇರಿಸಬೇಕು, ಹಳೆಯದನ್ನು ಕಿತ್ತುಹಾಕಬಾರದು.

ಈ ಗುಂಪಿನ ಮರಿಗಳು ಮಣ್ಣಿನೊಳಗೆ ಮಿಡತೆಯ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ. ಆದ್ದರಿಂದ ಎರಡನೆಯ ಚೀಟಿಯಲ್ಲಿ ಅಥವಾ ನೋಂದಣಿ ಪುಸ್ತಕದಲ್ಲಿ ಆ ಹೊಲದಲ್ಲಿ ಮಿಡತೆ ಹೆಚ್ಚಿತ್ತೇ ಎಂಬ ಒಂದು ಸಾಲು ಸೇರಿಸಿದರೆ ಮುಂದೆ ಅಧ್ಯಯನ ಮಾಡುವವರಿಗೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಮಾದರಿಗೆ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಪುಸ್ತಕದಲ್ಲೂ ಸೂಜಿಯ ಮೇಲೂ ಬರೆಯಬೇಕು. ನಾವು ಗುಳ್ಳೆ ಜೀರುಂಡೆಗಳ ಸೂಜಿಗೆ "ವಿಷ" ಎಂಬ ಕೆಂಪಕ್ಷರದ ಸಣ್ಣ ಚೀಟಿಯನ್ನೂ ಸೇರಿಸುತ್ತೇವೆ.

ಪೆಟ್ಟಿಗೆಯೊಳಗೆ

ಮುಚ್ಚಳ ಬಿಗಿಯಾಗಿ ಕೂರುವ, ಗಾಜಿನ ಮೇಲ್ಭಾಗದ ಮರದ ಪೆಟ್ಟಿಗೆಯ ತಳಕ್ಕೆ ಪಾಲಿಎಥಿಲೀನ್ ಫೋಮ್ ಹಾಸಬೇಕು. ಅನೇಕರು ಥರ್ಮಾಕೋಲ್ ಹಾಸಿ ಅದರ ಮೇಲೆ ಡಾಂಬರ್ ಗುಳಿಗೆ ಇಡುತ್ತಾರೆ. ಒಂದೆರಡು ಬೇಸಿಗೆಗಳಲ್ಲಿ ಗುಳಿಗೆಯ ಆವಿಗೆ ಥರ್ಮಾಕೋಲ್ ಕರಗಿ ತಗ್ಗಾಗಿ, ಸೂಜಿಗಳು ವಾಲಿ ಒಂದರ ಮೇಲೊಂದು ಬೀಳುತ್ತವೆ. ಡಾಂಬರ್ ಗುಳಿಗೆ ಕೀಟಗಳನ್ನು ದೂರವಿಡುತ್ತದೆಯೇ ಹೊರತು ಒಳಗೆ ಸೇರಿಕೊಂಡವನ್ನು ಕೊಲ್ಲುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಇದನ್ನು ಪ್ಯಾರಾಡೈಕ್ಲೋರೋಬೆಂಜೀನ್ ಗುಳಿಗೆಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ ಎರಡೂ ಕರಗಿ ನೀರಾಗಿ ಚೀಟಿಗಳನ್ನು ಹಾಳುಮಾಡುತ್ತವೆ.

ಒಳಗೆ ಸೇರಿಕೊಳ್ಳುವುದು ಆಂಥ್ರೀನಸ್ ಎಂಬ ಎರಡು ಮೂರು ಮಿಲಿಮೀಟರಿನ ಜೀರುಂಡೆಯ ಕೂದಲುಳ್ಳ ಮರಿಹುಳು. ಅದು ಒಣಗಿದ ಕೀಟಗಳನ್ನು ಒಳಗಿನಿಂದಲೇ ತಿನ್ನುತ್ತದೆ, ಹೊರಗಿನ ಕವಚ ಹಾಗೆಯೇ ಇರುವುದರಿಂದ ಮೇಲಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಕಾಲೇಜೊಂದರಲ್ಲಿ ಬೇಸಿಗೆ ರಜೆ ಮುಗಿದು ಪೆಟ್ಟಿಗೆ ತೆರೆದಾಗ ಮಾದರಿಗಳೆಲ್ಲ ಸರಿಯಾಗಿಯೇ ಕಂಡವು, ಸೂಜಿಯನ್ನು ಎತ್ತಿದ ಕೂಡಲೇ ಒಂದೊಂದಾಗಿ ರೆಕ್ಕೆ, ಹೊಟ್ಟೆ, ಕಾಲು ಉದುರಿದವು. ಅಂದಿನಿಂದ ನಾನು ಪೆಟ್ಟಿಗೆ ತೆರೆದಾಗ ಮೊದಲು ಮಾದರಿಯನ್ನಲ್ಲ, ಅದರ ಕೆಳಗಿನ ಬಿಳಿ ಹಾಸನ್ನು ನೋಡುತ್ತೇನೆ. ಯಾವ ಸೂಜಿಯ ಕೆಳಗೆ ಕಂದು ಬಣ್ಣದ ನುಣ್ಣನೆಯ ಹುಡಿ ಅಥವಾ ಕೂದಲುಳ್ಳ ಪೊರೆ ಬಿದ್ದಿದೆಯೋ ಆ ಮಾದರಿಯೊಳಗೆ ಹುಳು ಇದೆ. ಹಾಸು ಬಿಳಿಯೇ ಆಗಿರಬೇಕು ಎನ್ನುವುದು ಇದಕ್ಕಾಗಿಯೇ.

ಹುಡಿ ಕಂಡ ದಿನವೇ ಇಡೀ ಪೆಟ್ಟಿಗೆಯನ್ನು ದಪ್ಪ ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಟೇಪಿನಿಂದ ಮುಚ್ಚಿ, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ಫ್ರೀಜರ್‌ನಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬಾರದು. ತಣ್ಣಗಿನ ಕೀಟಗಳ ಮೇಲೆ ಹೊರಗಿನ ಗಾಳಿಯ ತೇವ ನೀರಾಗಿ ಇಳಿಯುತ್ತದೆ, ಅದರಿಂದ ಬೂಷ್ಟು ಬರುತ್ತದೆ. ಒಂದು ಇಡೀ ದಿನ ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ಬಿಚ್ಚಿ, ಹುಡಿಯನ್ನು ಕುಂಚದಿಂದ ಪೂರ್ತಿ ಒರೆಸಿ ತೆಗೆಯಬೇಕು. ಹಳೆಯ ಹುಡಿ ಉಳಿದರೆ ಮುಂದಿನ ತಿಂಗಳು ಹೊಸ ದಾಳಿ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ವಿದ್ಯುತ್ ಪದೇಪದೇ ಹೋಗುವ ಊರಿನಲ್ಲಿ ಆ ಎರಡು ವಾರ ಫ್ರೀಜರಿನ ಬಾಗಿಲು ತೆರೆಯದಿರುವುದು ಒಳ್ಳೆಯದು. ನಡುವೆ ದೀರ್ಘಕಾಲ ವಿದ್ಯುತ್ ಹೋಗಿದ್ದರೆ ಮತ್ತೆ ಮೊದಲಿನಿಂದ ದಿನ ಎಣಿಸಬೇಕು.

ಹೊಸದಾಗಿ ಒಣಗಿಸಿದ ಮಾದರಿಗಳಿಗೂ, ಬೇರೆ ಕಾಲೇಜಿನಿಂದ ಎರವಲು ಬಂದವಕ್ಕೂ ಇದೇ ಉಪಚಾರ ಆದ ಮೇಲೆಯೇ ಮುಖ್ಯ ಸಂಗ್ರಹಕ್ಕೆ ಪ್ರವೇಶ ಕೊಡಬೇಕು. ಉಳಿದದ್ದು ತಿಂಗಳಿಗೊಮ್ಮೆ ಪ್ರತಿ ಪೆಟ್ಟಿಗೆಯ ಹಾಸನ್ನು ನೋಡಿ, ನೋಡಿದ ದಿನಾಂಕವನ್ನು ಪೆಟ್ಟಿಗೆಯ ಪಕ್ಕದ ಕಾಗದದಲ್ಲಿ ಬರೆಯುವುದು. ಈ ಕೆಲಸ ಏಪ್ರಿಲ್ ಮತ್ತು ಮೇ ತಿಂಗಳಲ್ಲೂ ನಿಲ್ಲಬಾರದು. ರಜೆಯಲ್ಲಿ ಊರಲ್ಲೇ ಇರುವ ಒಬ್ಬರಿಗೆ ಕೋಣೆಯ ಬೀಗದ ಕೈಯನ್ನೂ ಆ ಕಾಗದವನ್ನೂ ಮಾರ್ಚ್ ಕೊನೆಯಲ್ಲೇ ಒಪ್ಪಿಸಿಬಿಡಬೇಕು.